ಮೂವತ್ತು ಸೆಕೆಂಡಿನ ಅಂಗಡಿ

ಪ್ರೀತಿಯ ಗೆಳತಿ,

ನಿಮ್ಮ ಪತ್ರವೂ ಅದರೊಳಗೆ ಮಡಿಸಿಟ್ಟಿದ್ದ ಜಾಹೀರಾತಿನ ಕರಡೂ ತಲುಪಿದವು. ತಮ್ಮನ ಮಿಕ್ಸಿ ರಿಪೇರಿ ಅಂಗಡಿಗೆ ರೇಡಿಯೊದಲ್ಲಿ ಒಂದು ಜಾಹೀರಾತು ಕೊಡಿಸಬೇಕೆಂದು ನೀವೇ ಕೂತು ಬರೆದಿದ್ದೀರಿ. ಅಕ್ಕನ ಅಕ್ಕರೆ ಆ ಹಾಳೆಯಲ್ಲಿ ಎದ್ದು ಕಾಣುತ್ತದೆ. ಅವನು ಏನೇನು ಮಾಡಬಲ್ಲನೋ ಅದನ್ನೆಲ್ಲ ಒಂದೂ ಬಿಡದೆ ಹೇಳಿದ್ದೀರಿ. ಈ ಪತ್ರವನ್ನು ಬೇರೆ ಓದುಗರೂ ಓದುತ್ತಾರಾದ್ದರಿಂದ ಅವನ ನಿಜವಾದ ಹೆಸರನ್ನೂ ಅಂಗಡಿಯ ವಿಳಾಸವನ್ನೂ ಬಿಟ್ಟಿದ್ದೇನೆ. ಅಂಗಡಿಗೆ ‘ಮಂಜು ಮಿಕ್ಸಿ’ ಎಂದು ಹೆಸರಿಟ್ಟು, ಮೈಸೂರಿನ ಸರಸ್ವತಿಪುರಂನ ಫೈರ್ ಬ್ರಿಗೇಡ್ ಎದುರಿಗೆ ಇದೆ ಎಂದುಕೊಳ್ಳೋಣ.

ಮೊದಲು ನಿಮ್ಮ ಕರಡನ್ನು ಗಡಿಯಾರ ಮುಂದಿಟ್ಟುಕೊಂಡು ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಸಾಲದು, ಬಾಯಿಬಿಟ್ಟೇ ಓದಬೇಕು. ಗುಣಮಟ್ಟ, ನಂಬಿಕೆ, ಉತ್ತಮ ಸೇವೆ. ಮಿಕ್ಸಿ, ಗ್ರೈಂಡರ್, ಕುಕ್ಕರ್, ಗ್ಯಾಸ್ ಸ್ಟೌ, ಇಸ್ತ್ರಿಪೆಟ್ಟಿಗೆ, ಗೀಸರ್. ನುರಿತ ಕೆಲಸಗಾರರು, ಮಿತವಾದ ದರ. ಅಡ್ಡರಸ್ತೆಯ ಸಂಖ್ಯೆ, ಕಟ್ಟಡದ ಹೆಸರು, ಎರಡು ಮೊಬೈಲ್ ನಂಬರ್, ಕೊನೆಗೆ ‘ಒಮ್ಮೆ ಭೇಟಿ ಕೊಡಿ’. ಇದನ್ನು 30 ಸೆಕೆಂಡಿನಲ್ಲಿ ಮುಗಿಸಬೇಕೆಂದರೆ ಓದುವವರು ಉಸಿರು ತೆಗೆದುಕೊಳ್ಳುವಂತಿಲ್ಲ. ಹಾಗೆ ಓಡೋಡಿ ಓದಿದ್ದನ್ನು ಕೇಳುವವರು ಒಂದಕ್ಷರವನ್ನೂ ಉಳಿಸಿಕೊಳ್ಳುವುದಿಲ್ಲ.

ರೇಡಿಯೊದವರು ಸಾಮಾನ್ಯವಾಗಿ ಇಷ್ಟು ಪದ ಎಂದು ಲೆಕ್ಕ ಹೇಳುತ್ತಾರೆ. ಆ ಲೆಕ್ಕ ಇಂಗ್ಲಿಷಿನಿಂದ ಬಂದದ್ದು, ಕನ್ನಡಕ್ಕೆ ಹೊಂದುವುದಿಲ್ಲ. ‘ಸರಸ್ವತಿಪುರಂ’ ಒಂದೇ ಪದ, ಆದರೆ ಆರು ಅಕ್ಷರ. ಸ್ಪಷ್ಟವಾಗಿ ಹೇಳಲು ಒಂದು ಸೆಕೆಂಡ್ ಪೂರ್ತಿ ಬೇಕು. ನಮ್ಮಲ್ಲಿ ವಿಭಕ್ತಿಯೆಲ್ಲ ಪದದ ಬಾಲಕ್ಕೇ ಅಂಟಿಕೊಳ್ಳುವುದರಿಂದ ಪದಗಳು ಉದ್ದ. ಅದಕ್ಕೇ ನಾನು ಅಕ್ಷರ ಎಣಿಸುತ್ತೇನೆ. ಒತ್ತಕ್ಷರವನ್ನು ಅದರ ಮೇಲಿನ ಅಕ್ಷರದ ಜೊತೆಗೆ ಸೇರಿಸಿ ಒಂದೆಂದು ಹಿಡಿಯಿರಿ, ‘ಫೈರ್’ನ ಕೊನೆಯಲ್ಲಿ ಬರುವಂಥ ಅರ್ಧಾಕ್ಷರವನ್ನು ಬಿಡಿ. ಅವಸರವಿಲ್ಲದೆ ಮಾತಾಡುವ ಜಾಹೀರಾತಿನ ದನಿಗೆ ಸೆಕೆಂಡಿಗೆ ಐದು ಅಕ್ಷರ ಹಿತ, ಆರು ಹೆಚ್ಚೆಂದರೆ ಹೆಚ್ಚು. ಬರೀ ಮಾತೇ ಆದರೂ 150 ಅಕ್ಷರಕ್ಕೆ 30 ಸೆಕೆಂಡ್ ಮುಗಿಯಿತು. ಒಂದು ಸದ್ದು, ಇಬ್ಬರ ಮಾತಿನ ನಡುವೆ ಒಂದು ಬಿಡುವು, ವಿಳಾಸದ ಮುಂಚೆ ಒಂದು ನಿಲುಗಡೆ ಇರಬೇಕಲ್ಲ? ಅದಕ್ಕೆಲ್ಲ ಏಳೆಂಟು ಸೆಕೆಂಡ್ ಎತ್ತಿಟ್ಟರೆ ನಮ್ಮ ಕೈಗೆ ಉಳಿಯುವುದು ಸುಮಾರು 110 ಅಕ್ಷರ. ಎರಡು ಮೊಬೈಲ್ ನಂಬರ್‌ಗಳನ್ನು ಕೇಳಿಸುವಂತೆ ಓದಿದರೆ ಹತ್ತು ಸೆಕೆಂಡ್ ಅಲ್ಲೇ ಹೋಯಿತು. ಕೊಟ್ಟ ದುಡ್ಡಿನ ಮೂರನೇ ಒಂದು ಪಾಲು ಅದು. ಅಷ್ಟು ಹೊತ್ತಿಗೆ ಕೇಳುವವರ ಕೈ ದೋಸೆ ಹಿಟ್ಟಿನಲ್ಲೋ ಸ್ಕೂಟರಿನ ಹ್ಯಾಂಡಲ್ ಮೇಲೋ ಇರುತ್ತದೆ. ನಂಬರ್ ಬರೆದುಕೊಳ್ಳುವವರು ಯಾರು?

ಹಾಗಾದರೆ ಇರುವ 110 ಅಕ್ಷರದಲ್ಲಿ ಹೇಳುವುದೇನನ್ನು? ಒಂದೇ ಒಂದು ವಿಷಯವನ್ನು. ಅದು ಯಾವುದೆಂದು ನಿಮ್ಮ ತಮ್ಮನನ್ನು ಕೇಳಬೇಡಿ. ಅವನಿಗೆ ತನ್ನ ಕೈಕೆಲಸದ ಮೇಲೆ ಅಭಿಮಾನ, ಗೀಸರ್ ರಿಪೇರಿಯನ್ನು ಬಿಟ್ಟರೆ ಅವನಿಗೆ ನೋವಾಗುತ್ತದೆ. ಒಂದು ಬೆಳಿಗ್ಗೆ ಅಂಗಡಿಯ ಕೌಂಟರಿನ ಪಕ್ಕ ಸುಮ್ಮನೆ ನಿಂತು, ಬಂದವರು ಮೊದಲು ಏನು ಕೇಳುತ್ತಾರೆಂದು ಗಮನಿಸಿ. ನೀವೇ ಪತ್ರದ ಕೊನೆಯಲ್ಲಿ, ಏನೋ ನೆನಪಾಗಿ ಸೇರಿಸಿದಂತೆ, ಒಂದು ಸಾಲು ಬರೆದಿದ್ದೀರಿ: ಬಂದವರೆಲ್ಲ ‘ಯಾವಾಗ ಕೊಡ್ತೀರಾ?’ ಎಂದೇ ಶುರುಮಾಡುತ್ತಾರಂತೆ, ದುಡ್ಡಿನ ಮಾತು ಆಮೇಲೆ ಬರುತ್ತದಂತೆ. ಇಡೀ ಪತ್ರದಲ್ಲಿ ನನಗೆ ಬೇಕಾಗಿದ್ದ ಸಾಲು ಅದು. ಮಿಕ್ಸಿ ಕೆಟ್ಟರೆ ನಾಳೆ ಬೆಳಿಗ್ಗೆ ಚಟ್ನಿಗೆ ಏನು ಗತಿ ಎನ್ನುವುದೇ ಮನೆಯವರ ಚಿಂತೆ. ‘ಬೆಳಿಗ್ಗೆ ಕೊಟ್ರೆ ಸಂಜೆಗೆ ರೆಡಿ’ ಎನ್ನುವುದು ಆ ಚಿಂತೆಗೆ ನೇರ ಉತ್ತರ. ಹತ್ತು ಅಕ್ಷರ, ಎರಡು ಸೆಕೆಂಡ್.

ಆದರೆ ಈ ಮಾತು ನಿಜವಾಗಿರಬೇಕು. ಇಲ್ಲಿ ಸ್ವಲ್ಪ ನಿಲ್ಲೋಣ. ಮಿಕ್ಸಿಯ ಮೋಟಾರು ಸುಟ್ಟಿದ್ದರೆ ಕಾಯಿಲ್ ಮತ್ತೆ ಸುತ್ತಿಸಿ, ವಾರ್ನಿಷ್ ಹಾಕಿ ಒಣಗಿಸಬೇಕು. ಅದು ಸಂಜೆಯೊಳಗೆ ಆಗುವ ಕೆಲಸವಲ್ಲ. ಸುಟ್ಟ ಮೋಟಾರು ಹೊತ್ತು ತಂದವರಿಗೆ ‘ನಾಡಿದ್ದು ಬನ್ನಿ’ ಎಂದರೆ ರೇಡಿಯೊದಲ್ಲಿ ಕೇಳಿ ಬಂದ ನಂಬಿಕೆ ಅಲ್ಲೇ ಮುರಿಯಿತು. ಅವರು ಹೋಗಿ ನಾಲ್ಕು ಮನೆಗೆ ಹೇಳುತ್ತಾರೆ. ‘ಕೆಲವು ರಿಪೇರಿಗಳಿಗೆ ಹೆಚ್ಚು ಸಮಯ ಬೇಕಾಗಬಹುದು’ ಎಂದು ಜಾಹೀರಾತಿನಲ್ಲೇ ಸೇರಿಸಿದರೆ ಹೇಳಿದ ಮಾತಿನ ಬಲವೆಲ್ಲ ಸೋರಿಹೋಗುತ್ತದೆ. ಇದಕ್ಕೆ ನನಗೆ ತೋಚುವ ದಾರಿ ಒಂದೇ, ಮಾತಿನ ವ್ಯಾಪ್ತಿಯನ್ನು ಕುಗ್ಗಿಸುವುದು. ಇಡೀ ಮಿಕ್ಸಿಯ ಬದಲು ಜಾರು ಒಂದನ್ನೇ ಹಿಡಿಯಿರಿ. ಸೋರುವ ಜಾರಿಗೆ ಬುಷ್, ವಾಷರ್ ಬದಲಿಸುವುದು, ಮೊಂಡಾದ ಬ್ಲೇಡ್ ಬದಲಿಸಿಕೊಡುವುದು, ಸವೆದ ಕಪ್ಲರ್ ತೆಗೆದು ಹೊಸದು ಕೂರಿಸುವುದು, ಇವೆಲ್ಲ ಸಾಮಾನು ಅಂಗಡಿಯಲ್ಲಿದ್ದರೆ ಅರ್ಧ ಗಂಟೆಯ ಕೆಲಸ. ಸಂಜೆಗೆ ಧಾರಾಳವಾಗಿ ಕೊಡಬಹುದು. ಜೊತೆಗೆ ಇನ್ನೊಂದು ಲಾಭವೂ ಇದೆ. ಮಿಕ್ಸಿಯನ್ನು ಹೊತ್ತು ಸಿಟಿ ಬಸ್ ಹತ್ತಲು ಯಾರಿಗೂ ಮನಸ್ಸಿಲ್ಲ. ಜಾರಾದರೆ ತರಕಾರಿ ಚೀಲದಲ್ಲಿ ಹಾಕಿಕೊಂಡು ಹೊರಡಬಹುದು. ಕುಕ್ಕರ್, ಇಸ್ತ್ರಿಪೆಟ್ಟಿಗೆಗಳ ಬಗ್ಗೆ ತಮ್ಮ ಚಿಂತಿಸುವುದು ಬೇಡ. ಜಾರು ಹಿಡಿದು ಬಂದವರ ಕಣ್ಣಿಗೆ ಗೋಡೆಗೆ ನೇತುಹಾಕಿದ ಗ್ಯಾಸ್ಕೆಟ್ಟುಗಳು ಬಿದ್ದೇ ಬೀಳುತ್ತವೆ.

ಈಗ ನಾನು ಬರೆದದ್ದನ್ನು ನೋಡಿ. ಎಣಿಸಿದರೆ 112 ಅಕ್ಷರ ಇದೆ.

(ಮಿಕ್ಸಿ ಓಡುವ ಸದ್ದು, ಎರಡು ಸೆಕೆಂಡ್. ತಟ್ಟನೆ ನಿಲ್ಲುತ್ತದೆ.)
ಸೊಸೆ: ಅಯ್ಯೋ, ಮಿಕ್ಸಿ ಜಾರು ಸೋರ್ತಿದೆ! ಚಟ್ನಿ ಎಲ್ಲಾ ಕಟ್ಟೆ ಮೇಲೆ!
ಅತ್ತೆ: ಮಂಜು ಮಿಕ್ಸಿಗೆ ಕೊಡಮ್ಮ. ಬೆಳಿಗ್ಗೆ ಕೊಟ್ರೆ ಸಂಜೆಗೆ ರೆಡಿ.
ಸೊಸೆ: ಇವತ್ತೇ ಸಂಜೆಗಾ?
ಅತ್ತೆ: ಹೂಂ. ಬೆಳಿಗ್ಗೆ ಕೊಟ್ರೆ ಸಂಜೆಗೆ ರೆಡಿ.
ನಿರೂಪಕ: ಮಂಜು ಮಿಕ್ಸಿ. ಸರಸ್ವತಿಪುರಂ, ಫೈರ್ ಬ್ರಿಗೇಡ್ ಎದುರು. ಸೋರುವ ಜಾರನ್ನು ಹನ್ನೊಂದು ಗಂಟೆಯೊಳಗೆ ತಂದುಕೊಡಿ. ಜಾರು ಮಾತ್ರ ಸಾಕು.
(ಮತ್ತೆ ಮಿಕ್ಸಿಯ ಸದ್ದು, ಒಂದು ಸೆಕೆಂಡ್. ಸರಾಗವಾಗಿ.)
ನಿರೂಪಕ: ಮಂಜು ಮಿಕ್ಸಿ. ಫೈರ್ ಬ್ರಿಗೇಡ್ ಎದುರು. ಬೆಳಿಗ್ಗೆ ಕೊಟ್ರೆ ಸಂಜೆಗೆ ರೆಡಿ.

ಮಾತಿಗೆ 22 ಸೆಕೆಂಡ್, ಸದ್ದಿಗೆ ಮೂರು, ಬಿಡುವುಗಳಿಗೆ ನಾಲ್ಕು. ಒಂದು ಸೆಕೆಂಡ್ ಇನ್ನೂ ಉಳಿಯುತ್ತದೆ. ಅದನ್ನು ತುಂಬಲು ಹೋಗಬೇಡಿ, ಅತ್ತೆಯ ‘ಹೂಂ’ ನಿಧಾನವಾಗಿ ಬರಲಿ.

ಅಂಗಡಿಯ ಹೆಸರು ಮೂರು ಸಲ, ಮುಖ್ಯ ಮಾತು ಮೂರು ಸಲ, ಗುರುತಿನ ಜಾಗ ಎರಡು ಸಲ ಬಂದಿದೆ. ಓದುವಾಗ ನಿಮಗೆ ಇದು ಅತಿಯೆನಿಸಬಹುದು. ನಾವು ಶಾಲೆಯಲ್ಲಿ ಪ್ರಬಂಧ ಬರೆದು ಬೆಳೆದವರು, ಹೇಳಿದ್ದನ್ನೇ ಹೇಳಬಾರದೆಂಬ ಪಾಠ ಮೈಗಂಟಿದೆ. ಪುಟದ ಮೇಲೆ ಅದು ಸರಿ, ಓದುಗರು ಬೇಕಾದರೆ ಮೇಲಿನ ಸಾಲಿಗೆ ಹಿಂದಿರುಗಿ ಹೋಗಬಹುದು. ಕೇಳುಗರಿಗೆ ಆ ಅನುಕೂಲವಿಲ್ಲ. ನಲ್ಲಿ ಬಿಟ್ಟಾಗ ಒಂದು ಸಾಲು ಹೋಗುತ್ತದೆ, ಕುಕ್ಕರ್ ಕೂಗಿದಾಗ ಇನ್ನೊಂದು ಹೋಗುತ್ತದೆ. ಮೊದಲ ಸಲ ತಪ್ಪಿದವರಿಗೆ ಎರಡನೆಯದು ಸಿಗಬೇಕು, ಎರಡೂ ತಪ್ಪಿದವರಿಗೆ ಕೊನೆಯದಾದರೂ ಸಿಗಬೇಕು.

ಹೀಗೆ ಮರಳಿ ಹೇಳುವಾಗ ಒಂದು ಅಕ್ಷರವೂ ಬದಲಾಗಕೂಡದು. ಇದರಲ್ಲಿ ನಾನು ಹಟಮಾರಿ. ಮೂರನೇ ಸಲ ಚೆನ್ನಾಗಿರಲೆಂದು ಯಾರಾದರೂ ‘ಮುಂಜಾನೆ ನೀಡಿ, ಸಾಯಂಕಾಲ ಪಡೆಯಿರಿ’ ಎಂದು ತಿದ್ದಿದರೆ ದಯವಿಟ್ಟು ಒಪ್ಪಬೇಡಿ. ಕೇಳುವ ಕಿವಿಗೆ ಅದು ಹೊಸ ಮಾತಾಗಿಬಿಡುತ್ತದೆ, ಹಿಂದಿನ ಎರಡು ಸಲದ ಕೂಲಿ ವ್ಯರ್ಥ. ಅಂಗಡಿಯ ಹೆಸರೂ ಅಷ್ಟೆ. ಬೋರ್ಡಿನಲ್ಲಿ ‘ಮಂಜು ಗೃಹೋಪಯೋಗಿ ವಸ್ತುಗಳ ದುರಸ್ತಿ ಕೇಂದ್ರ’ ಎಂದಿದ್ದರೂ ಬಡಾವಣೆಯವರು ಕರೆಯುವುದು ‘ಮಂಜು ಮಿಕ್ಸಿ’ ಎಂದಾದರೆ, ರೇಡಿಯೊದಲ್ಲಿ ಅದೇ ಹೆಸರು ಬರಲಿ.

ಒಂದೇ ಮಾತನ್ನು ಮೂರು ಸಲ ಹೇಳಿಯೂ ಕಿರಿಕಿರಿಯಾಗದಂತೆ ಮಾಡುವುದು ಹೇಗೆ? ಪ್ರತಿ ಸಲವೂ ಆ ಮಾತಿಗೆ ಅಲ್ಲಿ ಬರಲು ಒಂದು ಕಾರಣ ಕೊಡಬೇಕು. ಮೊದಲ ಸಲ ಅತ್ತೆ ಅದನ್ನು ಪರಿಹಾರವಾಗಿ ಹೇಳುತ್ತಾರೆ. ಸೊಸೆಗೆ ಅನುಮಾನ ಬಂದು ಕೇಳಿದಾಗ ಎರಡನೇ ಸಲ ಭರವಸೆಯಾಗಿ ಹೇಳುತ್ತಾರೆ. ಮೂರನೇ ಸಲ ಅಂಗಡಿಯೇ ಅದನ್ನು ತನ್ನ ಮಾತಾಗಿ ಹೇಳುತ್ತದೆ. ಸೊಸೆಯ ‘ಇವತ್ತೇ ಸಂಜೆಗಾ?’ ಎಂಬ ಆರಕ್ಷರವನ್ನು ತೆಗೆದುಹಾಕಿ ಓದಿ ನೋಡಿ. ಅತ್ತೆ ಸುಮ್ಮನೆ ಗಿಳಿಪಾಠ ಒಪ್ಪಿಸಿದಂತೆ ಕೇಳಿಸುತ್ತದೆ. ರೆಕಾರ್ಡಿಂಗಿನಲ್ಲಿ ಸಮಯ ಸಾಲದೆ ಏನನ್ನಾದರೂ ಕತ್ತರಿಸಬೇಕಾಗಿ ಬಂದರೆ ‘ಚಟ್ನಿ ಎಲ್ಲಾ ಕಟ್ಟೆ ಮೇಲೆ’ ಹೋಗಲಿ, ಈ ಪ್ರಶ್ನೆ ಇರಲೇಬೇಕು.

ಸದ್ದಿನ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. ಸ್ಟುಡಿಯೊದ ದೊಡ್ಡ ಸ್ಪೀಕರಿನಲ್ಲಿ ಮಿಕ್ಸಿ ಮಿಕ್ಸಿಯಂತೆಯೇ ಕೇಳುತ್ತದೆ. ಅಡುಗೆಮನೆಯ ಪುಟ್ಟ ರೇಡಿಯೊದಲ್ಲಿ ಅದೇ ಸದ್ದು ಸ್ಟೇಷನ್ ಸರಿಯಾಗಿ ಸಿಗದಿದ್ದಾಗ ಬರುವ ಗೊರಗೊರದಂತೆ ಕೇಳಬಹುದು, ಜನ ಗುಂಡಿ ತಿರುಗಿಸಲು ಕೈಚಾಚುತ್ತಾರೆ. ಅದಕ್ಕೇ ಸದ್ದು ಎರಡು ಸೆಕೆಂಡಿಗೆ ನಿಂತು, ತಕ್ಷಣ ಸೊಸೆಯ ಬಾಯಲ್ಲಿ ‘ಮಿಕ್ಸಿ ಜಾರು’ ಎಂಬ ಮಾತು ಬರಬೇಕು. ಕಿವಿ ಆಗ ಹಿಂದಿನ ಸದ್ದನ್ನು ಗುರುತು ಹಿಡಿಯುತ್ತದೆ. ನಿರೂಪಕರ ಮಾತಿನ ಕೆಳಗೆ ಸಂಗೀತ ಹಾಕೋಣವೇ ಎಂದು ಸ್ಟುಡಿಯೊದವರು ಕೇಳುತ್ತಾರೆ. ‘ಫೈರ್ ಬ್ರಿಗೇಡ್ ಎದುರು, ಹನ್ನೊಂದು ಗಂಟೆಯೊಳಗೆ’ ಎನ್ನುವಲ್ಲಿ ಬೇಡವೆನ್ನಿ. ರೆಕಾರ್ಡಿಂಗ್ ಆದ ಮೇಲೆ ಫೋನಿನಲ್ಲಿ ತರಿಸಿಕೊಂಡು, ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು, ಒಂದೇ ಸಲ ಹಾಕಿ ನೆರೆಮನೆಯವರಿಗೆ ಕೇಳಿಸಿ. ಚೆನ್ನಾಗಿದೆಯಾ ಎಂದು ಕೇಳಬೇಡಿ, ಯಾರಾದರೂ ಹೌದೆನ್ನುತ್ತಾರೆ. ‘ಏನು ತೊಗೊಂಡು, ಎಲ್ಲಿಗೆ, ಎಷ್ಟು ಗಂಟೆಗೆ ಹೋಗ್ಬೇಕು?’ ಎಂದು ಕೇಳಿ. ಮೂರಕ್ಕೂ ಉತ್ತರ ಬಂದರೆ ಜಾಹೀರಾತು ಸಿದ್ಧ.

ನಿಮ್ಮ ಕರಡಿನ ‘ಒಮ್ಮೆ ಭೇಟಿ ಕೊಡಿ’ ಎಂಬ ಸಾಲನ್ನು ನಾನು ತೆಗೆದದ್ದು ಇದೇ ಕಾರಣಕ್ಕೆ. ಭೇಟಿ ಕೊಡಿ ಎಂದರೆ ಯಾವತ್ತು, ಯಾಕೆ ಎಂದು ತಿಳಿಯುವುದಿಲ್ಲ. ‘ಸೋರುವ ಜಾರನ್ನು ಹನ್ನೊಂದು ಗಂಟೆಯೊಳಗೆ ತಂದುಕೊಡಿ’ ಎಂದರೆ ಕೈಗೆ ಒಂದು ಕೆಲಸ ಸಿಕ್ಕಿತು. ಹನ್ನೊಂದು ಎನ್ನುವುದನ್ನು ಸುಮ್ಮನೆ ಇಟ್ಟಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸಿ, ತಿಂಡಿ ಮುಗಿಸಿ ಹೊರಡುವವರಿಗೆ ಅದು ಅನುಕೂಲದ ಹೊತ್ತು. ತಮ್ಮನಿಗೂ ಸಂಜೆಯೊಳಗೆ ಕೆಲಸ ಮುಗಿಸಲು ಸಾಕಷ್ಟು ಬಿಡುವು ಸಿಗುತ್ತದೆ. ಹತ್ತು ಅಕ್ಷರದ ಭರವಸೆಯನ್ನು ಈ ಗಡುವೇ ಕಾಪಾಡುವುದು. ವಿಳಾಸದಲ್ಲಿ ಅಡ್ಡರಸ್ತೆಯ ಸಂಖ್ಯೆಯನ್ನು ಬಿಟ್ಟು ಫೈರ್ ಬ್ರಿಗೇಡ್ ಇಟ್ಟಿದ್ದೇನೆ. ಆಟೊದವರಿಗೂ ಬಸ್ಸಿನವರಿಗೂ ಗೊತ್ತಿರುವ ಒಂದೇ ಗುರುತು ಸಾಕು. ‘ಮೈಸೂರಿಗೇ ನಂಬರ್ ಒನ್’ ಎಂಬುದನ್ನೂ ತೆಗೆದಿದ್ದೇನೆ. ಅದನ್ನು ಸಾಧಿಸಿ ತೋರಿಸಲಾಗದು, ಖಾಸಗಿ ಎಫ್‌ಎಂಗಳೂ ಆಕಾಶವಾಣಿಯ ಜಾಹೀರಾತು ಸಂಹಿತೆಯನ್ನೇ ಪಾಲಿಸಬೇಕಾದ್ದರಿಂದ ತಕರಾರು ಬಂದರೂ ಬಂದೀತು.

ಇನ್ನು ಪ್ರಸಾರದ ಮಾತು. ರೇಡಿಯೊದಲ್ಲಿ ದರ ಹೇಳುವುದು ಹತ್ತು ಸೆಕೆಂಡಿಗೆ ಇಷ್ಟು ಎಂದು. ನಿಮ್ಮದು ಮೂರು ಪಾಲು. ದೊಡ್ಡ ಎಫ್‌ಎಂ ಇಡೀ ಊರಿಗೂ ಸುತ್ತಲ ಊರುಗಳಿಗೂ ಕೇಳುತ್ತದೆ, ಆದರೆ ನಂಜನಗೂಡಿನವರು ಒಂದು ಜಾರಿಗಾಗಿ ಸರಸ್ವತಿಪುರಂಗೆ ಬರುವುದಿಲ್ಲ. ಅವರ ಕಿವಿಗೂ ನೀವು ದುಡ್ಡು ಕಟ್ಟಿದಂತಾಗುತ್ತದೆ. ಹತ್ತಿರದಲ್ಲಿ ಸಮುದಾಯ ಬಾನುಲಿ ಇದ್ದರೆ ಮೊದಲು ಅಲ್ಲಿ ವಿಚಾರಿಸಿ. ಮಂಗಳೂರಿನ ರೇಡಿಯೊ ಸಾರಂಗ್ ಥರದ ಈ ಕೇಂದ್ರಗಳು ಕಡಿಮೆ ಶಕ್ತಿಯಲ್ಲಿ, ಸುತ್ತಲ ಹತ್ತು ಹದಿನೈದು ಕಿಲೋಮೀಟರಿಗೆ ಪ್ರಸಾರ ಮಾಡುತ್ತವೆ. ಬಡಾವಣೆಯ ಅಂಗಡಿಗೆ ಅಳತೆ ತೆಗೆದು ಹೊಲಿದಂಥ ವ್ಯಾಪ್ತಿ ಅದು. ಅವು ಗಂಟೆಗೆ ಇಷ್ಟು ನಿಮಿಷ ಜಾಹೀರಾತು ಹಾಕಬಹುದೆಂದು ಸರ್ಕಾರದ ಮಿತಿ ಇದೆ, 2024ರಲ್ಲಿ ಅದನ್ನು 7ರಿಂದ 12 ನಿಮಿಷಕ್ಕೆ ಏರಿಸಿದರು.

ನಿಮ್ಮ ಪತ್ರದಲ್ಲಿ ಒಂದು ವಾರ ದಿನಕ್ಕೆ ಹತ್ತು ಸಲ ಹಾಕಿಸುವ ಯೋಚನೆ ಇದೆ. ದೀಪಾವಳಿಗೆ ಬಟ್ಟೆ ಮಾರುವವರಿಗೆ ಅದು ಸರಿ, ಎಲ್ಲರೂ ಒಂದೇ ವಾರದಲ್ಲಿ ಕೊಳ್ಳುತ್ತಾರೆ. ಮಿಕ್ಸಿ ಜಾರು ಹಬ್ಬ ನೋಡಿ ಸೋರುವುದಿಲ್ಲ. ಈ ವಾರ ಕೇಳಿದವರಲ್ಲಿ ಹೆಚ್ಚಿನವರ ಜಾರು ಗಟ್ಟಿಯಾಗಿಯೇ ಇರುತ್ತದೆ, ಎರಡು ತಿಂಗಳಾದ ಮೇಲೆ ಸೋರಿದಾಗ ನಿಮ್ಮ ಜಾಹೀರಾತು ಮರೆತುಹೋಗಿರುತ್ತದೆ. ಅಷ್ಟೇ ದುಡ್ಡನ್ನು ಹರಡಿ, ದಿನಕ್ಕೆ ಒಂದೋ ಎರಡೋ ಸಲ, ಬೆಳಿಗ್ಗೆ ಏಳರಿಂದ ಒಂಬತ್ತರ ಒಳಗೆ, ತಿಂಗಳುಗಟ್ಟಲೆ ಬರುವಂತೆ ಮಾಡಿ. ‘ದಿನದಲ್ಲಿ ಯಾವಾಗ ಬೇಕಾದರೂ’ ಎಂಬ ಅಗ್ಗದ ದರ ಹೇಳಿದರೆ ಮನಸೋಲಬೇಡಿ, ಮಧ್ಯಾಹ್ನ ಮೂರಕ್ಕೆ ಯಾರ ಮನೆಯಲ್ಲೂ ಚಟ್ನಿ ರುಬ್ಬುತ್ತಿರುವುದಿಲ್ಲ. ಒಂದೆರಡು ವಾರ ಪೂರ್ತಿ 30 ಸೆಕೆಂಡಿನದು ಬಂದ ಮೇಲೆ ಮೊದಲ ಸದ್ದನ್ನೂ ಸೊಸೆಯ ಮೊದಲ ಮಾತನ್ನೂ ನಿರೂಪಕರ ಕೊನೆಯ ಸಾಲನ್ನೂ ಜೋಡಿಸಿ ಹತ್ತು ಸೆಕೆಂಡಿನದೊಂದನ್ನು ಮಾಡಿಸಿ. ಪೂರ್ತಿಯದನ್ನು ಕೇಳಿದವರಿಗೆ ಅಷ್ಟೇ ಸಾಕು, ಉಳಿದದ್ದು ತಾನಾಗಿ ನೆನಪಾಗುತ್ತದೆ. ಅದೇ ದುಡ್ಡಿಗೆ ಮೂರು ಪಟ್ಟು ಹೆಚ್ಚು ಸಲ ಬರುತ್ತದೆ.

ಫಲ ಸಿಗುತ್ತಿದೆಯೇ ಎಂದು ತಿಳಿಯಲು ತಮ್ಮ ಬಂದವರನ್ನೆಲ್ಲ ‘ರೇಡಿಯೊದಲ್ಲಿ ಕೇಳಿದ್ರಾ?’ ಎಂದು ಕೇಳುವುದು ಬೇಡ. ನಮ್ಮ ಜನ ಸಂಕೋಚದವರು, ಎದುರಿನವರಿಗೆ ಬೇಸರವಾಗಬಾರದೆಂದು ಹೂಂ ಎಂದುಬಿಡುತ್ತಾರೆ. ಜಾಹೀರಾತಿನೊಳಗೇ ಇದಕ್ಕೆ ಗುರುತು ಇದೆ. ಹನ್ನೊಂದರೊಳಗೆ, ಬರೀ ಜಾರು ಹಿಡಿದು, ಹೊಸ ಮುಖದವರು ಬಂದರೆ ಅವರು ರೇಡಿಯೊ ಕೇಳಿ ಬಂದವರೆಂದೇ ಹೆಚ್ಚು ನಂಬಬಹುದು. ದಿನಕ್ಕೆ ಅಂಥವರು ಎಷ್ಟೆಂದು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಲಿ, ಪ್ರಸಾರ ಶುರುವಾಗುವುದಕ್ಕೆ ಎರಡು ವಾರ ಮೊದಲೇ ಹಾಕಲು ತೊಡಗಲಿ. ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಎಲ್ಲಿ ಎಡವಿದ್ದೇವೆಂದೂ ಈ ಗೆರೆಗಳಿಂದಲೇ ತಿಳಿಯುತ್ತದೆ. ಹೊಸಬರು ಬಂದರೂ ಸಂಜೆ ಐದಕ್ಕೆ ಬಂದು ‘ಈಗ್ಲೇ ಮಾಡ್ಕೊಡಿ’ ಎಂದರೆ, ಹೆಸರು ಮುಟ್ಟಿದೆ, ಗಡುವು ಮುಟ್ಟಿಲ್ಲ. ಆಗ ಗಂಟೆಯ ಮುಂಚೆ ಅರ್ಧ ಸೆಕೆಂಡ್ ನಿಲ್ಲಿಸಿ ಮತ್ತೆ ರೆಕಾರ್ಡ್ ಮಾಡಿಸಬೇಕು. ಇಡೀ ಮಿಕ್ಸಿ ಹೊತ್ತು ತಂದರೆ ‘ಜಾರು ಮಾತ್ರ ಸಾಕು’ ಎಂಬುದು ಸದ್ದಿನಲ್ಲಿ ಮುಚ್ಚಿಹೋಗಿದೆ, ಅದರ ಹಿಂದೆ ಬರುವ ಮಿಕ್ಸಿಯ ಸದ್ದನ್ನು ಇನ್ನೊಂದಿಷ್ಟು ತಡವಾಗಿ ಶುರುಮಾಡಿಸಿ. ಯಾರೂ ಬಾರದಿದ್ದರೆ ಮೊದಲು ಕೇಂದ್ರದವರಿಂದ ಪ್ರಸಾರವಾದ ದಿನ, ಸಮಯದ ಪಟ್ಟಿಯನ್ನು ಬರೆಸಿಕೊಂಡು ನೋಡಿ.

ಸ್ಟುಡಿಯೊಗೆ ದಿನ ಗೊತ್ತುಮಾಡುವ ಮುನ್ನ ತಮ್ಮನಿಂದ ಎರಡು ವಿಷಯ ತಿಳಿದು ನನಗೆ ಬರೆಯಿರಿ. ನಿಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಇರುವ ಮಿಕ್ಸಿಗಳ ಬುಷ್, ವಾಷರ್, ಕಪ್ಲರ್, ಬ್ಲೇಡ್ ಒಂದು ತಿಂಗಳಿಗೆ ಸಾಕಾಗುವಷ್ಟು ಅವನ ಡಬ್ಬಿಗಳಲ್ಲಿ ಇವೆಯೇ? ಭಾನುವಾರ ಅವನು ಅಂಗಡಿ ತೆರೆಯುತ್ತಾನೆಯೇ, ತೆರೆದರೂ ಸಂಜೆಯವರೆಗೆ ಕೂರುತ್ತಾನೆಯೇ? ಇಲ್ಲವೆಂದಾದರೆ ಭಾನುವಾರ ಬೆಳಗಿನ ಪ್ರಸಾರವನ್ನು ಬಿಟ್ಟು ಒಪ್ಪಂದ ಬರೆಸಬೇಕು.

ಪ್ರೀತಿಯಿಂದ,
ನಿಮ್ಮ ಗೆಳೆಯ